ಪುಟ್ಟಜ್ಜಿಯೋ, ಮಲೆನಾಡೋ?

ಪ್ರಶ್ನೆ: ದೊಡ್ಡಮ್ಮನ ಮಗನೂ ನಾನೂ ಸೇರಿ ಸಾಗರದಲ್ಲಿ ಕೇಟರಿಂಗ್ ಶುರು ಮಾಡಿದ್ದೇವೆ. ಹೆಸರಿನ ವಿಷಯದಲ್ಲೇ ಜಟಾಪಟಿ.

“ಮಲೆನಾಡು ಕೇಟರರ್ಸ್ ಎಂದರೆ ಏನು ಸಿಗುತ್ತದೆಂದು ಬೆಂಗಳೂರಿನವರಿಗೂ ತಿಳಿಯುತ್ತದೆ.”

“ಏನು ಸಿಗುತ್ತದೆಂದು ತಿಳಿಯುತ್ತದೆ ಅಣ್ಣ, ಯಾರು ಕೊಡುತ್ತಾರೆಂದು ತಿಳಿಯುವುದಿಲ್ಲ. ‘ಪುಟ್ಟಜ್ಜಿ ಅಡುಗೆ’ ಎಂದಿಡೋಣ. ಅಪ್ಪೆಹುಳಿ ಕಲಿಸಿದ್ದು ಅಜ್ಜಿಯೇ ಅಲ್ಲವೇ?”

“ಅಜ್ಜಿಗೆ ಹನ್ನೊಂದು ಮೊಮ್ಮಕ್ಕಳು. ಉಳಿದ ಒಂಬತ್ತು ಜನ ನಾಳೆ ಪಾಲು ಕೇಳಿದರೆ?”

ಅನುಭವ ಇದ್ದವರು ಹೇಳಿ.

ಶಿರಸಿಯ ಅಡುಗೆಯವರು: ಯಾವ ಹೆಸರಾದರೂ ಚಿಕ್ಕದಿರಲಿ. ನಾನು ಉದ್ದದ ಹೆಸರಿಟ್ಟು ಕೊಳಗ, ಸೌಟು, ಬಕೆಟ್ಟುಗಳಿಗೆಲ್ಲ ಕೊರೆಸಲು ಹೋದೆ. ಸೌಟಿನ ಹಿಡಿಯಲ್ಲಿ ಅರ್ಧ ಹೆಸರೂ ಹಿಡಿಸಲಿಲ್ಲ. ಛತ್ರದಲ್ಲಿ ಎರಡು ತಂಡದ ಪಾತ್ರೆ ಕಲೆತಾಗ ಆ ಅರ್ಧ ಹೆಸರಿನಿಂದ ಉಪಯೋಗವಾಗಲಿಲ್ಲ. ಮೂರು ಕೊಳಗ ಇಂದಿಗೂ ವಾಪಸು ಬಂದಿಲ್ಲ.

ಮೈಸೂರಿನ ಕೇಟರರ್: ಇಷ್ಟೆಲ್ಲ ಯೋಚನೆ ಏಕೆ? ಜಿಎಸ್‌ಟಿ ನೋಂದಣಿಯಲ್ಲಿ ಹೆಸರು ಬಂದರೆ ಅದು ನಿಮ್ಮದೇ. ನಾನು ಹಾಗೆಯೇ ಮಾಡಿದ್ದೇನೆ.

ಟ್ರೇಡ್‌ಮಾರ್ಕ್ ವಕೀಲೆ: ಜಿಎಸ್‌ಟಿ ತೆರಿಗೆಯ ಗುರುತು ಮಾತ್ರ, ಅದೇ ಹೆಸರನ್ನು ಇನ್ನೊಬ್ಬರು ಇಟ್ಟರೆ ಅದು ತಡೆಯುವುದಿಲ್ಲ. ತಡೆಯಲು ಬೇಕಾದದ್ದು ಟ್ರೇಡ್‌ಮಾರ್ಕ್. ಅಲ್ಲಿ ಅಣ್ಣನ ಹೆಸರು ಸೋಲುವ ಸಾಧ್ಯತೆ ಹೆಚ್ಚು. ಮಲೆನಾಡು ಊರ ಸೀಮೆಯ ಹೆಸರು, ಕೇಟರರ್ಸ್ ಕಸುಬಿನ ಹೆಸರು. ಎರಡೂ ಎಲ್ಲರ ಸೊತ್ತು ಎಂದು 1999ರ ಕಾಯ್ದೆಯ 9ನೇ ಕಲಮಿನಡಿ ಆಕ್ಷೇಪ ಬರುತ್ತದೆ. ಬಹುಕಾಲ ಬಳಸಿ ಜನರ ಮನಸ್ಸಿನಲ್ಲಿ ನಿಮ್ಮದೇ ಎಂದಾದರೆ ಮಾತು ಬೇರೆ, ಆದರೆ ನಿಮ್ಮದು ಹೊಸ ವ್ಯವಹಾರ. ‘ಪುಟ್ಟಜ್ಜಿ’ಗೆ ಆ ತೊಡಕಿಲ್ಲ. ಆದರೂ ಊಟ-ತಿಂಡಿ ಸೇವೆಗೆ ಸೇರಿದ 43ನೇ ವರ್ಗದಲ್ಲಿ ಮೊದಲು ಹುಡುಕಿ, ಉಚ್ಚಾರದಲ್ಲಿ ಹೋಲುವುದನ್ನೂ ನೋಡಿ. ಅಜ್ಜಿಯರ ಹೆಸರಿಡುವವರು ಬಹಳ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಶುಲ್ಕ ವರ್ಗಕ್ಕೆ 4,500 ರೂಪಾಯಿ. ಆದರೆ ಒಬ್ಬನೇ ಅರ್ಜಿ ಹಾಕಿದರೆ ಹೆಸರು ಅವನದೇ ಆಗುತ್ತದೆ. ಅಣ್ಣ ಹೆದರಬೇಕಾದದ್ದು ಒಂಬತ್ತು ಜನರಿಗಲ್ಲ, ನಿಮ್ಮಿಬ್ಬರಿಗೆ. ಬೇರೆಯಾದರೆ ಪುಟ್ಟಜ್ಜಿ ಯಾರ ಕಡೆ? ಅದನ್ನು ಪಾಲುದಾರಿಕೆ ಪತ್ರದಲ್ಲಿ ಈಗಲೇ ಬರೆಯಿರಿ.

ಮೈಸೂರಿನ ಕೇಟರರ್: ಹಾಗಾದರೆ ನಾನೂ ಹುಡುಕಬೇಕು. ಎಂಟು ವರ್ಷ ಸುಮ್ಮನಿದ್ದೆ.

ಪ್ರಶ್ನೆ ಕೇಳಿದವನು: ಹುಡುಕಿದೆವು. ಪುಟ್ಟಜ್ಜಿ ಸಿಗಲಿಲ್ಲ, ಹೋಲುವ ಹೆಸರೊಂದಿದೆ. ಅದನ್ನು ನಿಮಗೆ ಪ್ರತ್ಯೇಕವಾಗಿ ಕಳಿಸುತ್ತೇನೆ ಮೇಡಂ. ಅಣ್ಣ ಹೆಸರಿಗೆ ಒಪ್ಪಿದ. ಪತ್ರಕ್ಕೆ ಬಂದಾಗ, “ಬೇರೆಯಾಗುವ ಮಾತು ಈಗಲೇ ಏಕೆ?” ಎಂದು ಎದ್ದು ಹೋದ. ಭಾನುವಾರ ಉಪನಯನದ ಊಟವಿದೆ, ಅಲ್ಲಿಯವರೆಗೆ ನಾನು ಕೆದಕುವುದಿಲ್ಲ.