ಸಾಸಿವೆ ಬಣ್ಣದ ಸೀರೆಯನ್ನು ಬಾಟಲ್ ಗ್ರೀನ್ ಮಾಡಿದರೆ ಜರಿಯೂ ಹಸಿರಾಗುತ್ತಿದೆ (ಗಿಂಪ್ 2.10)

ಮಗ್ಗದಮನೆ:
ನಮ್ಮದು ಮೊಳಕಾಲ್ಮೂರು ಕಡೆ, ಮನೆಯಲ್ಲೇ ಮಗ್ಗ ಇದೆ. ಒಂದೇ ಡಿಸೈನನ್ನು ಬೇರೆ ಬೇರೆ ಬಣ್ಣದಲ್ಲಿ ನೇಯುತ್ತೇವೆ. ಆದರೆ ಅಂಗಡಿಯವರು ಫೋಟೊ ಕೇಳುವ ಹೊತ್ತಿಗೆ ಒಂದು ಸೀರೆ ಮಾತ್ರ ಮಗ್ಗದಿಂದ ಇಳಿದಿರುತ್ತದೆ. ಈ ಸಲ ಅದು ಸಾಸಿವೆ ಬಣ್ಣ. ಒಡಲು ತುಂಬಾ ಜರಿ ಬುಟ್ಟಾ, ಅಂಚಿನಲ್ಲೂ ಜರಿ. ತಂಗಿಗೆ ಉಡಿಸಿ ಫೋಟೊ ತೆಗೆದಿದ್ದೇನೆ. ಅದೇ ಫೋಟೊದಲ್ಲಿ ಬಾಟಲ್ ಗ್ರೀನ್ ತೋರಿಸಬೇಕು.

ಮೊದಲು Hue-Saturation ತೆಗೆದು Hue ಎಳೆದೆ. ಸೀರೆ ಹಸಿರಾಯಿತು, ಜರಿಯೂ ಪಾಚಿ ಹಿಡಿದ ಹಾಗೆ ಹಸಿರಾಯಿತು. ಜರಿಯನ್ನು ಬಿಟ್ಟು ಒಡಲನ್ನು ಮಾತ್ರ ಸೆಲೆಕ್ಟ್ ಮಾಡೋಣ ಎಂದರೆ Select by Color ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಎರಡೂ ಹಳದಿಯೇ ಅಲ್ವಾ. Colorize ಹಾಕಿದರೆ ನೆರಿಗೆಯೆಲ್ಲ ಚಪ್ಪಟೆ. ಬುಟ್ಟಾಗಳನ್ನು ಒಂದೊಂದಾಗಿ ಕೈಯಲ್ಲಿ ಸುತ್ತು ಹಾಕುತ್ತಾ ಕೂರಲು ಆಗಲ್ಲ. ಬೇರೆ ದಾರಿ ಇದೆಯಾ?

ಪಟಪಟ:
Colorize ಬಿಡಿ ಗುರು. ಮೇಲೆ ಒಂದು ಹೊಸ ಲೇಯರ್ ಹಾಕಿ, ಬಾಟಲ್ ಗ್ರೀನ್ ತುಂಬಿ, ಮೋಡ್ HSL Color ಇಡಿ. ಸೀರೆಯ ಹೊರಗಡೆ ಅಳಿಸಿಬಿಡಿ. ಮಡಿಕೆ ಎಲ್ಲ ಹಾಗೇ ಉಳಿಯುತ್ತದೆ, ಎರಡು ನಿಮಿಷದ ಕೆಲಸ.

ಮಗ್ಗದಮನೆ:
ಮಾಡಿದೆ ಸರ್. ಮಡಿಕೆ ಉಳಿಯಿತು, ಅದು ನಿಜ. ಆದರೆ ಬಂದಿದ್ದು ಬಾಟಲ್ ಗ್ರೀನ್ ಅಲ್ಲ, ಕಣ್ಣಿಗೆ ಹೊಡೆಯುವ ರೇಡಿಯಂ ಹಸಿರು. ಜರಿಯೂ ಅದೇ ಬಣ್ಣ.

ಸೂಜಿದಾರ:
ದಯವಿಟ್ಟು ಜರಿ ಸೀರೆಗೆ ಮನೆಯಲ್ಲಿ ಬಣ್ಣ ಹಾಕಲು ಹೋಗಬೇಡಿ! ನಮ್ಮತ್ತೆಯ ಧಾರೆ ಸೀರೆಗೆ ಹೀಗೇ ಮಾಡಿಸಿದ್ದೆವು. ಬಿಸಿ ನೀರಿಗೆ ಜರಿ ಕಪ್ಪಾಯಿತು, ಅಂಚು ಸುರುಟಿಕೊಂಡಿತು, ಆಮೇಲೆ ಯಾವ ಇಸ್ತ್ರಿಗೂ ಬಗ್ಗಲಿಲ್ಲ. ಅದೂ ಅಲ್ಲದೆ ಹಳದಿ ಮೇಲೆ ಹಸಿರು ಒಂದೇ ಸಮ ಕೂರುವುದಿಲ್ಲ. ಅಷ್ಟು ಬೇಕಿದ್ದರೆ ಹೊಸ ಸೀರೆಯನ್ನೇ ತಗೊಳ್ಳಿ.

ಮಗ್ಗದಮನೆ:
ಅಕ್ಕ, ಫೋಟೊದಲ್ಲಿ ಮಾತ್ರ ಬಣ್ಣ ಬದಲಿಸುವುದು. ಸೀರೆ ಬೀರುವಿನಲ್ಲಿ ಕ್ಷೇಮವಾಗಿದೆ.

ಸೂಜಿದಾರ:
ಓ, ಹಾಗಾ! ಸದ್ಯ.

ಕತ್ತಲೆಕೋಣೆ:
ಪಟಪಟ ಹೇಳಿದ್ದು ಅರ್ಧ ಸರಿ. ಬಣ್ಣವನ್ನು ಬೇರೆ ಲೇಯರ್‌ನಲ್ಲಿ ಇಡಬೇಕು, ಅದು ಸರಿ. HSL Color ಯಾಕೆ ಕೈಕೊಟ್ಟಿತು ಅಂದರೆ, ಆ ಮೋಡ್ ಕೆಳಗಿನ ಲೇಯರ್‌ನ ಬೆಳಕನ್ನು ಹಾಗೇ ಉಳಿಸಿಕೊಳ್ಳುತ್ತದೆ. ಸಾಸಿವೆ ತಿಳಿ ಬಣ್ಣ, ಬಾಟಲ್ ಗ್ರೀನ್ ಗಾಢ ಬಣ್ಣ. ಗಾಢ ಹಸಿರನ್ನು ಸಾಸಿವೆಯಷ್ಟು ಬೆಳಕಿಗೆ ಎತ್ತಿದರೆ ಅದು ರೇಡಿಯಂ ಹಸಿರೇ ಆಗುತ್ತದೆ. ಹಾಗಾಗಿ ಬಣ್ಣ ಬದಲಿಸುವ ಮೊದಲು ಬಟ್ಟೆಯನ್ನು ಗಾಢ ಮಾಡಬೇಕು. ಇದು ಒಂದು ಕೆಲಸ. ಜರಿಯನ್ನು ಬೇರ್ಪಡಿಸುವುದು ಇನ್ನೊಂದು.

ಜರಿಯಿಂದ ಶುರು ಮಾಡೋಣ. ಒಡಲೂ ಜರಿಯೂ ಹಳದಿಯೇ ಆದರೂ ಒಂದು ಕಡೆ ಸಿಕ್ಕಿಬೀಳುತ್ತವೆ. ಕಲರ್ ಪಿಕರ್ ಅನ್ನು 0..255 ಅಳತೆಗೆ ಇಟ್ಟು ಒಡಲಿನ ಮೇಲೆ ಒತ್ತಿ, ಆಮೇಲೆ ಬುಟ್ಟಾ ಮೇಲೆ ಒತ್ತಿ. ಎಷ್ಟೆಷ್ಟು ಬರುತ್ತದೆ ಹೇಳಿ.

ಮಗ್ಗದಮನೆ:
ಒಡಲು 200, 150, 30 ಆಸುಪಾಸು. ಬುಟ್ಟಾ 185, 160, 105.

ಕತ್ತಲೆಕೋಣೆ:
ನೋಡಿ, ಕೆಂಪು ಹಸಿರು ಎರಡೂ ಹತ್ತಿರ ಹತ್ತಿರ ಇವೆ. ನೀಲಿ ಮಾತ್ರ 30 ಒಂದು ಕಡೆ, 105 ಇನ್ನೊಂದು ಕಡೆ. ರೇಷ್ಮೆಗೆ ಹಾಕಿದ ಹಳದಿ ಬಣ್ಣ ನೀಲಿ ಬೆಳಕನ್ನು ನುಂಗಿಬಿಡುತ್ತದೆ. ಜರಿ ಲೋಹದ ಹಾಗೆ ಹೊಳೆದು ಬೆಳಕನ್ನು ವಾಪಸ್ ಕಳಿಸುತ್ತದೆ, ಅದಕ್ಕೇ ಅಲ್ಲಿ ನೀಲಿ ಉಳಿದಿದೆ. ನಿಮ್ಮ ಮಾಸ್ಕ್ ಇರುವುದು ಇಲ್ಲೇ, ಕೈಯಲ್ಲಿ ಬಿಡಿಸುವುದು ಬೇಕಿಲ್ಲ.

Colors > Components > Decompose ಗೆ ಹೋಗಿ, RGB ಆರಿಸಿ, Decompose to layers ಟಿಕ್ ಇರಲಿ. ಮೂರು ಕಪ್ಪುಬಿಳುಪು ಲೇಯರ್ ಇರುವ ಹೊಸ ಚಿತ್ರ ತೆರೆಯುತ್ತದೆ. blue ಒಂದನ್ನೇ ಕಣ್ಣಿಗೆ ಕಾಣುವ ಹಾಗೆ ಇಟ್ಟು ನೋಡಿ. ಒಡಲು ಕಪ್ಪಗೆ, ಬುಟ್ಟಾ ಬೂದು ಬಣ್ಣಕ್ಕೆ ಎದ್ದು ಕಾಣುತ್ತದೆ. ಈಗ Levels ನಲ್ಲಿ ಕಪ್ಪು ತುದಿಯನ್ನು 45ಕ್ಕೆ, ಬಿಳಿ ತುದಿಯನ್ನು 95ಕ್ಕೆ ತನ್ನಿ. ಬುಟ್ಟಾ ಬೆಳ್ಳಗೆ, ಒಡಲು ಪೂರ್ತಿ ಕಪ್ಪು. ಆಮೇಲೆ Colors > Invert. ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಬಣ್ಣ ಬದಲಾಗುತ್ತದೆ, ಕಪ್ಪು ಇದ್ದಲ್ಲಿ ಹಳೆಯದೇ ಉಳಿಯುತ್ತದೆ.

ಒಂದು ತೊಂದರೆ ಬರುತ್ತದೆ. ನೆರಿಗೆಯ ಏಣಿನಲ್ಲಿ ರೇಷ್ಮೆ ಜೋರಾಗಿ ಹೊಳೆಯುವ ಕಡೆ ನೀಲಿಯೂ ಏರಿರುತ್ತದೆ, ಅಲ್ಲಿ ಮಾಸ್ಕ್ ಅದನ್ನೂ ಜರಿ ಅಂದುಕೊಳ್ಳುತ್ತದೆ. ಬುಟ್ಟಾಗಳ ನಡುವಿನ ಖಾಲಿ ಜಾಗದಲ್ಲಿ ಕಪ್ಪು ಗೆರೆ ಕಂಡರೆ ಅದೇ ಇದು. ಬ್ರಷ್ ತೆಗೆದುಕೊಂಡು ಬಿಳಿ ಬಳಿಯಿರಿ. ಸೀರೆಯ ಹೊರಗಿನದು, ಕೈ, ರವಿಕೆ, ಗೋಡೆ, ಇವನ್ನು Paths ನಿಂದ ಸುತ್ತು ಹಾಕಿ ಕಪ್ಪು ತುಂಬಿ.

ಮಗ್ಗದಮನೆ:
blue ಲೇಯರ್ ನೋಡಿದೆ. ಬುಟ್ಟಾ ಕಾಣುತ್ತದೆ, ಆದರೆ ಪೂರ್ತಿ ಚೌಕ ಚೌಕ, ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿದೆ.

ಕತ್ತಲೆಕೋಣೆ:
ಫೋಟೊ ವಾಟ್ಸಾಪ್‌ನಿಂದ ಬಂದದ್ದಾ?

ಮಗ್ಗದಮನೆ:
ಹೌದು, ತಂಗಿಯ ಮೊಬೈಲಿನಿಂದ ಹಾಕಿಸಿಕೊಂಡೆ.

ಕತ್ತಲೆಕೋಣೆ:
ಅದೇ. ಜೆಪೆಗ್ ಮಾಡುವಾಗ ಬೆಳಕಿನ ವಿವರ ಉಳಿಸುತ್ತಾರೆ, ಬಣ್ಣದ ವಿವರವನ್ನು ಜಾಸ್ತಿ ಹಿಂಡುತ್ತಾರೆ. ಅದರ ಏಟು ಮೊದಲು ಬೀಳುವುದು ನೀಲಿಗೆ. ಸುಮ್ನೆ ನೋಡಿದಾಗ ಗೊತ್ತಾಗಲ್ಲ, ಹೀಗೆ ಬಿಡಿಸಿದಾಗಲೇ ಕಾಣುವುದು. ಮೊಬೈಲಿನಿಂದ ಕೇಬಲ್‌ನಲ್ಲಿ ಮೂಲ ಫೈಲ್ ತೆಗೆದುಕೊಳ್ಳಿ. ಇಲ್ಲವೇ ವಾಟ್ಸಾಪ್‌ನಲ್ಲೇ Document ಆಗಿ ಕಳಿಸಲು ಹೇಳಿ, ಆಗ ಅದು ಹಿಂಡುವುದಿಲ್ಲ.

ಇನ್ನು ಮಡಿಕೆ. ಅದೇ Decompose ಚಿತ್ರದ green ಲೇಯರ್ ನೋಡಿ. ಹಳದಿ ಸೀರೆಯಲ್ಲಿ ಕೆಂಪು ಹೊಳಪಿನ ಕಡೆ 255 ಮುಟ್ಟಿ ಸಪಾಟಾಗಿರುತ್ತದೆ. ನೀಲಿಯಲ್ಲಿ ಕತ್ತಲೆ ಮತ್ತು ಗಲೀಜು. ನೆರಿಗೆ, ನೂಲಿನ ನೇಯ್ಗೆ ಎಲ್ಲ ಚೊಕ್ಕವಾಗಿ ಉಳಿದಿರುವುದು ಹಸಿರಿನಲ್ಲಿ. ಅದನ್ನೇ ಬಟ್ಟೆಯ ತಳವಾಗಿ ಇಟ್ಟುಕೊಳ್ಳಿ.

ಮೂಲ ಫೋಟೊದ ಮೇಲೆ ಒಂದು ಲೇಯರ್ ಗ್ರೂಪ್ ಮಾಡಿ. ಒಳಗೆ ಕೆಳಗಡೆ ಈ green ಲೇಯರ್. ಅದಕ್ಕೆ Curves ಹಾಕಿ: 40 ಇದ್ದದ್ದು 15 ಆಗಲಿ, 150 ಇದ್ದದ್ದು 70, 235 ಇದ್ದದ್ದು 190. ಒಡಲು ಗಾಢವಾಗುತ್ತದೆ, ಹೊಳಪು ಮಾತ್ರ ಹಾಗೇ ಮೇಲೆ ನಿಲ್ಲುತ್ತದೆ. ಗಾಢ ರೇಷ್ಮೆ ನಿಜವಾಗಿಯೂ ಹಾಗೇ ಇರುತ್ತದೆ, ಒಡಲು ಕಪ್ಪಾದಷ್ಟೂ ಏಣಿನ ಹೊಳಪು ಎದ್ದು ಕಾಣುತ್ತದೆ. ಎಲ್ಲವನ್ನೂ ಒಂದೇ ಸಮ ಕೆಳಗೆ ಎಳೆದರೆ ರೇಷ್ಮೆ ಹೋಗಿ ಕಾಟನ್ ಆಗುತ್ತದೆ.

ಅದರ ಮೇಲೆ ಬಾಟಲ್ ಗ್ರೀನ್ ತುಂಬಿದ ಲೇಯರ್, ಮೋಡ್ LCh Color. ಬೆಳಕನ್ನು ಕಣ್ಣಿಗೆ ಕಾಣುವ ಲೆಕ್ಕದಲ್ಲಿ ಉಳಿಸುವುದು HSL ಗಿಂತ ಇದೇ. ಕೊನೆಗೆ ಮೊದಲು ಮಾಡಿದ ಮಾಸ್ಕನ್ನು ಗ್ರೂಪಿಗೆ ಹಾಕಿ.

ಬಿಳಿಅಂಗಿ:
ನನ್ನದೂ ಇದೇ ಸಮಸ್ಯೆ, ಆದರೆ ಅಂಗಿ. ಮದುವೆ ಗ್ರೂಪ್ ಫೋಟೊದಲ್ಲಿ ಎಲ್ಲರೂ ಬಿಳಿ, ನಾನೊಬ್ಬ ಕಪ್ಪು ಅಂಗಿ. ಅದನ್ನು ಬಿಳಿ ಮಾಡಲು Curves ಎತ್ತಿದರೆ ಬರೀ ಮರಳು ಮರಳು. ಇದೇ ಕ್ರಮ ನಡೆಯುತ್ತಾ?

ಕತ್ತಲೆಕೋಣೆ:
ನಡೆಯಲ್ಲ. ಕಪ್ಪು ಅಂಗಿಯ ಮಡಿಕೆಗಳೆಲ್ಲ ಸಾಮಾನ್ಯವಾಗಿ 5ರಿಂದ 40ರ ಒಳಗೆ ಇರುತ್ತವೆ. ಅಷ್ಟನ್ನೇ ಬಿಳಿಯವರೆಗೆ ಎಳೆದರೆ ನಡುವೆ ತುಂಬಲು ಏನೂ ಇಲ್ಲ, ಗದ್ದಲ ಮಾತ್ರ ಮೇಲೆ ಬರುತ್ತದೆ. RAW ಫೈಲ್ ಇದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ನಡು ಬೂದು ಬಣ್ಣದವರೆಗೆ ತನ್ನಿ, ಅಲ್ಲಿಗೆ ನಿಲ್ಲಿಸಿ. ಬಿಳಿ ಅಂಗಿಯನ್ನು ಬೇರೆ ಬಣ್ಣ ಮಾಡುವುದು ಸಲೀಸು, ಬಣ್ಣದ ಲೇಯರ್‌ಗೆ Multiply ಹಾಕಿದರೆ ಮುಗಿಯಿತು.

ಪಟಪಟ:
ಹಾಗಾದರೆ ಉಳಿದವರ ಬಿಳಿ ಅಂಗಿಯನ್ನೇ ಕಪ್ಪು ಮಾಡಿಬಿಡಿ 😄

ಮಗ್ಗದಮನೆ:
ಮೂಲ ಫೈಲ್ ತೆಗೆದುಕೊಂಡು ಮಾಡಿದೆ. ಒಡಲು ಬಾಟಲ್ ಗ್ರೀನ್ ಬಂತು, ನೆರಿಗೆ ಚೆನ್ನಾಗಿದೆ. ಎರಡು ಕಡೆ ಕಣ್ಣಿಗೆ ಚುಚ್ಚುತ್ತದೆ. ಹೊಳಪಿನ ಜಾಗ ಪ್ಲಾಸ್ಟಿಕ್ ಹಸಿರಾಗಿದೆ. ಮತ್ತೆ ಬುಟ್ಟಾಗಳನ್ನು ಕತ್ತರಿಸಿ ಅಂಟಿಸಿದ ಹಾಗಿದೆ.

ಕತ್ತಲೆಕೋಣೆ:
ಹೊಳಪಿಗೆ: ಬಣ್ಣದ ಲೇಯರ್‌ಗೆ ಇನ್ನೊಂದು ಮಾಸ್ಕ್ ಕೊಡಿ. ಅದರೊಳಗೆ green ಲೇಯರ್‌ನ ಒಂದು ಕಾಪಿ ಅಂಟಿಸಿ Invert ಮಾಡಿ. ಆಮೇಲೆ ಆ ಮಾಸ್ಕಿಗೇ Curves ಹಾಕಿ, ಒಡಲೆಲ್ಲ ಬಿಳಿಯಾಗಲಿ, ತೀರಾ ಹೊಳೆಯುವ ಕಡೆ ಮಾತ್ರ ಬೂದು ಉಳಿಯಲಿ. ಪೂರ್ತಿ ಕಪ್ಪು ಬೇಡ. ರೇಷ್ಮೆಯ ಹೊಳಪಿನಲ್ಲಿ ಬಟ್ಟೆಯ ಬಣ್ಣ ಕಡಿಮೆ, ಮೇಲೆ ಬಿದ್ದ ಬೆಳಕಿನ ಬಣ್ಣವೇ ಜಾಸ್ತಿ.

ಬುಟ್ಟಾ ಅಂಟಿಸಿದ ಹಾಗೆ ಕಾಣುವುದಕ್ಕೆ ಮಾಸ್ಕ್ ಅಲ್ಲಿ ತೀರಾ ಕಪ್ಪಗಿರುವುದು ಕಾರಣ ಇರಬೇಕು. ಹತ್ತಿರ ಹೋಗಿ ನೋಡಿದರೆ ಜರಿ ಎಳೆಗಳ ನಡುವೆ ಏನಿದೆ?

ಮಗ್ಗದಮನೆ:
ಒಡಲಿನ ನೂಲು. ಬುಟ್ಟಾದಲ್ಲಿ ಜರಿ ಹೊಕ್ಕಾಗಿ ಹೋಗುತ್ತದೆ, ಅದನ್ನು ಹಿಡಿಯುವ ಹಾಸು ಒಡಲಿನ ಬಣ್ಣದ್ದೇ. ಅಂದರೆ ಹಸಿರು ಸೀರೆ ನೇಯ್ದರೆ ಆ ಸಂದಿಯಲ್ಲಿ ಹಸಿರು ಕಾಣಬೇಕು, ಈಗ ಸಾಸಿವೆಯೇ ಉಳಿದಿದೆ!

ಕತ್ತಲೆಕೋಣೆ:
ಅಷ್ಟೇ ವಿಷಯ. ಮಾಸ್ಕಿನ Levels ನಲ್ಲಿ ಕೆಳಗಿನ Output ಕಪ್ಪು ತುದಿಯನ್ನು 0ಯಿಂದ 40ಕ್ಕೆ ಎತ್ತಿ. ಜರಿಯ ಮೇಲೂ ಸುಮಾರು ಶೇ 15ರಷ್ಟು ಹಸಿರು ಹಾಯುತ್ತದೆ. ಹೊರಗಿನ ಗೋಡೆ, ಕೈಗೆ ತುಂಬಿದ ಕಪ್ಪನ್ನು ಇದಾದ ಮೇಲೆ ಇನ್ನೊಮ್ಮೆ ತುಂಬಿ, ಇಲ್ಲದಿದ್ದರೆ ತಂಗಿಯ ಕೈಯೂ ಹಸಿರಾಗುತ್ತದೆ.

ಸ್ಟುಡಿಯೋಅಣ್ಣ:
ಇದನ್ನು ನಾನು ಒಪ್ಪಲ್ಲ. ಸೀರೆ ಅಂಗಡಿಗಳ ಕೆಲಸ ನಾನೂ ಮಾಡುತ್ತೇನೆ. ಜರಿಯಲ್ಲಿ ಸ್ವಲ್ಪ ಹಸಿರು ಕಂಡರೂ ಗಿರಾಕಿ "ಜರಿ ಕಿಲುಬು ಹಿಡಿದಿದೆ, ಡೂಪ್ಲಿಕೇಟ್" ಅನ್ನುತ್ತಾರೆ. ನಾನು ಪೂರ್ತಿ ಕಪ್ಪು ಇಟ್ಟು, ಮಾಸ್ಕಿನ ಅಂಚನ್ನು ಮಾತ್ರ ಒಂದು ಪಿಕ್ಸೆಲ್ ಬ್ಲರ್ ಮಾಡುತ್ತೇನೆ.

ಕತ್ತಲೆಕೋಣೆ:
ಸಣ್ಣ ಫೋಟೊಗೆ ನಿಮ್ಮ ಕ್ರಮ ಸಾಕು. ಜೂಮ್ ಮಾಡಿ ನೋಡುವ ಫೋಟೊದಲ್ಲಿ ಹಳೆಯ ಸಾಸಿವೆ ಸಿಕ್ಕಿಬೀಳುತ್ತದೆ.

ಸ್ಟುಡಿಯೋಅಣ್ಣ:
ಗಿರಾಕಿಗಳು ಜೂಮ್ ಮಾಡುವುದು ಬೆಲೆಯನ್ನು ಮಾತ್ರ ಸ್ವಾಮಿ. ಆದರೆ ಒಂದು ಮಾತು: ಧೂಪ್‌ಛಾವ್ ಸೀರೆಗೆ ಈ ಕ್ರಮ ತರಬೇಡಿ. ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ ಇದ್ದಾಗ ಒಂದೇ ಬಣ್ಣ ತುಂಬಿದರೆ ಎರಡರ ಆಟವೇ ಸತ್ತುಹೋಗುತ್ತದೆ. ಅಲ್ಲಿ Hue ಸರಿಸುವುದೇ ವಾಸಿ.

ಮಗ್ಗದಮನೆ:
40 ಇಟ್ಟು ನೋಡಿದೆ, ನಮ್ಮಪ್ಪನಿಗೆ 25 ಸಾಕು ಅನಿಸಿತು. ಹಸಿರನ್ನು ಅಂದಾಜಿಗೆ ಬಿಡದೆ, ಬಣ್ಣ ಹಾಕಿಸಿಟ್ಟ ಹಸಿರು ರೇಷ್ಮೆಯ ಲಡಿಯನ್ನು ಅದೇ ಕಿಟಕಿಯ ಬೆಳಕಲ್ಲಿ ಫೋಟೊ ತೆಗೆದು ಅಲ್ಲಿಂದ ಪಿಕ್ ಮಾಡಿದೆ. ಒಡಲು, ಅಂಚು ಎರಡೂ ಸರಿಯಾಗಿವೆ.

ಸೆರಗು ಮಾತ್ರ ಆಗುತ್ತಿಲ್ಲ. ಅಲ್ಲಿ ಟಿಶ್ಯೂ ನೇಯ್ಗೆ, ರೇಷ್ಮೆ ಜರಿ ಎರಡೂ ಒಂದಕ್ಕೊಂದು ಬೆರೆತಿವೆ. ನೀಲಿ ಎಲ್ಲ ಕಡೆ 70 ಆಸುಪಾಸು, ಮಾಸ್ಕ್ ಬೇರ್ಪಡಿಸುತ್ತಲೇ ಇಲ್ಲ.

ಕತ್ತಲೆಕೋಣೆ:
ಅಲ್ಲಿ ಬೇರ್ಪಡಿಸಲು ಏನೂ ಇಲ್ಲ, ಪ್ರತಿ ಪಿಕ್ಸೆಲ್‌ನಲ್ಲೂ ಎರಡೂ ಇವೆ. ಸೆರಗಿಗೆ ಮಾಸ್ಕನ್ನು ಒಂದೇ ಸಮ ನಡು ಬೂದು ಇಟ್ಟು ನೋಡಿ. ಸರಿ ಅನಿಸದಿದ್ದರೆ ಸೆರಗನ್ನು ಹಿಂದಕ್ಕೆ ಬಿಟ್ಟ ಇನ್ನೊಂದು ಫೋಟೊ ತೆಗೆಯಿರಿ.

ಸ್ಟುಡಿಯೋಅಣ್ಣ:
ಅಥವಾ ಹಸಿರು ಸೀರೆ ಮಗ್ಗದಿಂದ ಇಳಿದ ಮೇಲೆ ಸೆರಗಿನದು ಒಂದೇ ಒಂದು ಫೋಟೊ ಕಳಿಸುತ್ತೇವೆ ಅಂತ ಅಂಗಡಿಯವರಿಗೆ ಹೇಳಿ. ಎಷ್ಟು ದಿನ ಬೇಕು ಇಳಿಯಲು?

ಮಗ್ಗದಮನೆ:
ಹಾಸು ಈಗಷ್ಟೇ ಕಟ್ಟಿದ್ದೇವೆ. ಅಂಗಡಿಯವರು ಅಲ್ಲಿಯವರೆಗೆ ಕಾಯಲ್ಲ. ಮೊದಲು ನಡು ಬೂದು ಮಾಡಿ ಇಲ್ಲಿ ಹಾಕುತ್ತೇನೆ.