ಪದಚರ್ಚೆ: ಒಂದೇ ಲೆಕ್ಕದಲ್ಲಿ ಎರಡು ‘ವ್ಯಾಪ್ತಿ’

ಧಾರವಾಡದ ಉಪನ್ಯಾಸಕರು:
ಗೆಳೆಯರೆ, ವಿದ್ಯಾರ್ಥಿಗಳಿಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. −2, 5, −1 ಎಂಬ ಸಾಲಿನಿಂದ ಅಕ್ಕಪಕ್ಕದ ಸಂಖ್ಯೆಗಳ ತುಂಡುಗಳನ್ನು ತೆಗೆದರೆ, ಎಷ್ಟು ತುಂಡುಗಳ ಮೊತ್ತ −2ರಿಂದ 2ರೊಳಗೆ ಬರುತ್ತದೆ? ಇಂಥ ತುಂಡಿನ ಮೊತ್ತವನ್ನು, ಅಂದರೆ ರೇಂಜ್ ಸಮ್ ಎಂಬುದನ್ನು ‘ವ್ಯಾಪ್ತಿ ಮೊತ್ತ’ ಎಂದು ಬರೆದೆ. ಆದರೆ −2ರಿಂದ 2 ಎಂಬುದೂ ವ್ಯಾಪ್ತಿಯೇ ಆಗಿ ವಾಕ್ಯ ಗೋಜಲಾಯಿತು. ಸಾಲಿನ ಮೊದಲಿನಿಂದ ಒಂದೊಂದನ್ನೇ ಕೂಡುತ್ತ ಬಂದಾಗ ಸಿಗುವ ಪ್ರಿಫಿಕ್ಸ್ ಸಮ್‌ಗೆ ‘ಪೂರ್ವಮೊತ್ತ’ ಸರಿಯೇ?

ಹಾಸನದ ಸಂಖ್ಯಾಶಾಸ್ತ್ರ ಅಧ್ಯಾಪಕಿ:
ಸರ್, ನಮ್ಮಲ್ಲಿ ವ್ಯಾಪ್ತಿ ಎಂದರೆ ಗರಿಷ್ಠದಲ್ಲಿ ಕನಿಷ್ಠವನ್ನು ಕಳೆದದ್ದು. ನಿಮ್ಮ ಸಾಲಿನ ವ್ಯಾಪ್ತಿ 7, ಅಷ್ಟೇ. ‘ಸಂಚಿತ ಆವೃತ್ತಿ’ ಪಾಠದಲ್ಲಿ ಮೊದಲೇ ಇರುವುದರಿಂದ ‘ಸಂಚಿತ ಮೊತ್ತ’ ಎನ್ನಿ, ಮಕ್ಕಳಿಗೆ ಪರಿಚಿತ.

ಬೆಂಗಳೂರಿನ ತಂತ್ರಾಂಶ ಉದ್ಯೋಗಿ:
‘ಸಂಚಿತ ಮೊತ್ತ’ಕ್ಕೆ ನನ್ನ ಮತವೂ ಇದೆ. 0ಯಿಂದ ಆರಂಭಿಸಿದರೆ 0, −2, 3, 2 ಸಿಗುತ್ತವೆ. ಯಾವ ತುಂಡಿನ ಮೊತ್ತವಾದರೂ ಇವುಗಳಲ್ಲಿ ಎರಡರ ವ್ಯತ್ಯಾಸ. ಹಾಗಾದರೆ ನಾಲ್ಕನ್ನೂ ಒಮ್ಮೆಗೇ ವಿಂಗಡಿಸಿ, ವ್ಯತ್ಯಾಸ 2 ಮೀರದ ಜೋಡಿಗಳನ್ನು ಎಣಿಸಿದರೆ ಮುಗಿಯಿತು. ಮಾಡಿ ನೋಡಿದೆ, ಉತ್ತರ 3, ಸರಿಯಾಗಿದೆ. ಈ ಲೆಕ್ಕಕ್ಕೆ ಬಳಸುವ, ಸಾಲನ್ನು ಅರ್ಧ ಮಾಡಿ ವಿಂಗಡಿಸಿ ಮತ್ತೆ ಸೇರಿಸುವ ಮರ್ಜ್ ಸಾರ್ಟ್‌ಗೆ ಬೇರೆ ಪದವೇ ಬೇಡ, ‘ವಿಂಗಡಿಸಿ ಎಣಿಸುವುದು’ ಸಾಕು.

ಮೈಸೂರಿನ ನಿವೃತ್ತ ಪ್ರಾಧ್ಯಾಪಕಿ:
ವ್ಯತ್ಯಾಸ ಎಂದದ್ದು ಸರಿ, ಆದರೆ ಯಾವುದರಿಂದ ಯಾವುದನ್ನು ಕಳೆಯಬೇಕು ಎಂಬುದು ಮುಖ್ಯ. ಸಾಲಿನಲ್ಲಿ ನಂತರ ಬಂದದ್ದರಿಂದ ಮೊದಲು ಬಂದದ್ದನ್ನೇ ಕಳೆಯಬೇಕು. ಮಿತಿ −2ರಿಂದ 2 ಎಂದು ಸೊನ್ನೆಯ ಎರಡೂ ಬದಿಗೆ ಸಮನಾಗಿದ್ದರಿಂದ ತಪ್ಪು ಕಾಣಿಸಲಿಲ್ಲ. ಮಿತಿಯನ್ನು 0ಯಿಂದ 2 ಮಾಡಿ ನೋಡಿ. ನಿಮ್ಮ ಕ್ರಮದಲ್ಲಿ ಮತ್ತೆ 3 ಬರುತ್ತದೆ. ನಿಜವಾದ ಉತ್ತರ 1: ಇಡೀ ಸಾಲಿನ ಮೊತ್ತ 2, ಅದೊಂದೇ.

ಮರ್ಜ್, ಅಂದರೆ ವಿಲೀನದ ಗುಟ್ಟು ಇಲ್ಲಿದೆ. 0, −2 ಎಡ ಅರ್ಧ; 3, 2 ಬಲ ಅರ್ಧ. ಪ್ರತಿ ಅರ್ಧದೊಳಗಿನ ಜೋಡಿಗಳನ್ನು ಎಣಿಸಿದ ಮೇಲೆಯೇ ಅದನ್ನು ವಿಂಗಡಿಸುತ್ತೇವೆ. ಇಲ್ಲಿ ವ್ಯತ್ಯಾಸಗಳು −2 ಮತ್ತು −1, ಎರಡೂ 0ಯಿಂದ 2ರ ಮಿತಿಯ ಹೊರಗೆ. ಈಗ ಎಡ −2, 0. ಬಲ 2, 3. ಒಳಗಿನ ಕ್ರಮ ಕೆಟ್ಟರೂ ಎಡದ್ದೆಲ್ಲ ಬಲದ್ದಕ್ಕಿಂತ ಮೊದಲು ಬಂದದ್ದು ಎಂಬುದು ಕೆಡಲಿಲ್ಲ. ಎಡದ −2ಕ್ಕೆ ಬಲದಲ್ಲಿ −2ರಿಂದ 0ಯೊಳಗಿನದು ಬೇಕು, ಇಲ್ಲ. ಎಡದ 0ಗೆ 0ಯಿಂದ 2ರೊಳಗಿನದು ಬೇಕು, ಒಂದಿದೆ. ಎಡದ ಸಂಖ್ಯೆ ಏರಿದಂತೆ ಹುಡುಕುವ ಎರಡು ತುದಿಗಳೂ ಮುಂದಕ್ಕೇ ಸರಿಯುತ್ತವೆ, ಹಿಂದಿರುಗುವುದಿಲ್ಲ. ಆದ್ದರಿಂದ ಸಾಲಿನಲ್ಲಿ n ಸಂಖ್ಯೆಗಳಿದ್ದರೆ ಒಟ್ಟು ಕೆಲಸ `n log n` ಮಟ್ಟದಲ್ಲೇ ನಿಲ್ಲುತ್ತದೆ. ಎಣಿಕೆ ಮುಗಿದ ಮೇಲೆ ಎರಡು ಅರ್ಧಗಳನ್ನು ಸೇರಿಸಬೇಕು. ‘ವಿಲೀನ ವಿಂಗಡಣೆ’ ಎಂಬ ಹೆಸರನ್ನು ಬಿಡಬೇಡಿ, ಎಣಿಕೆ ನಿಂತಿರುವುದೇ ವಿಲೀನದ ಮೇಲೆ.

ಪದಗಳ ವಿಷಯ: ಸ್ಥಾನಗಳಿಗೆ ‘ತುಂಡು’, ಬೆಲೆಗಳಿಗೆ ‘ಮಿತಿ’. ‘ವ್ಯಾಪ್ತಿ’ಯನ್ನು ಸಂಖ್ಯಾಶಾಸ್ತ್ರದವರಿಗೇ ಬಿಟ್ಟುಕೊಡಿ.

ಧಾರವಾಡದ ಉಪನ್ಯಾಸಕರು:
ಮೇಡಂ, ‘ತುಂಡಿನ ಮೊತ್ತ’, ‘ಮಿತಿ’ ಎರಡನ್ನೂ ತೆಗೆದುಕೊಂಡೆ. 0ಯಿಂದ 2ರ ಉದಾಹರಣೆಯನ್ನೂ ಸೇರಿಸುತ್ತೇನೆ. ‘ಸಂಚಿತ’ಕ್ಕೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಮೊದಲಿನ 0 ಇಲ್ಲದಿದ್ದರೆ ಮೊದಲ ಸಂಖ್ಯೆಯಿಂದ ಆರಂಭವಾಗುವ ತುಂಡುಗಳೆಲ್ಲ ತಪ್ಪಿಹೋಗುತ್ತವೆ. ಆದರೆ ಏನನ್ನೂ ಕೂಡದ ಆ 0ಯನ್ನು ಸಂಚಿತ ಎನ್ನುವುದು ಹೇಗೆ?

ಹಾಸನದ ಅಧ್ಯಾಪಕಿ:
ಸಂಚಿತ ಆವೃತ್ತಿಯ ವಕ್ರರೇಖೆಯನ್ನು ನಾವೂ 0ಯಿಂದಲೇ ಎಳೆಯುತ್ತೇವಲ್ಲ, ಸರ್?