ಕೆಲಸ ಬಿಟ್ಟ ಮೇಲೆ ಪಿಎಫ್ ಹಣ ತೆಗೆಯಬೇಕೆ: ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಶ್ರೀಧರ ಚಿಕ್ಕಪ್ಪ (ಬಂದ ಸಂದೇಶವನ್ನು ಹಂಚಿದ್ದು): “ಕೆಲಸ ಬಿಟ್ಟ 3 ವರ್ಷಗಳ ನಂತರ ಪಿಎಫ್ ಖಾತೆಗೆ ಬಡ್ಡಿ ಬರುವುದಿಲ್ಲ. ಹಳೆಯ ಖಾತೆಯಲ್ಲಿರುವ ಹಣವನ್ನು ಕೂಡಲೇ ಹಿಂಪಡೆಯಿರಿ. ಎಲ್ಲರಿಗೂ ತಿಳಿಸಿ.”

ಅನಿರುದ್ಧ, ಕೆಲಸ ಬದಲಾಯಿಸುತ್ತಿರುವ ನಿನಗೆ ಇದು ಉಪಯೋಗವಾದೀತು. ಕಾರಿನ ಮುಂಗಡಕ್ಕೆ ಸಾಲ ಮಾಡುವ ಬದಲು ಅದೇ ಹಣವನ್ನು ಬಳಸಿಕೊ.

ಅನಿರುದ್ಧ: ನಾನೂ ಅದನ್ನೇ ಯೋಚಿಸುತ್ತಿದ್ದೆ ಚಿಕ್ಕಪ್ಪ. 4 ವರ್ಷ ದುಡಿದಿದ್ದೇನೆ, ಪಾಸ್‌ಬುಕ್‌ನಲ್ಲಿ ಸುಮಾರು 3.35 ಲಕ್ಷ ರೂಪಾಯಿ ಇದೆ. ಆದರೆ ಒಂದು ವಿಷಯ ಅರ್ಥವಾಗಲಿಲ್ಲ. ನನ್ನ ಸಂಬಳದಿಂದ ತಿಂಗಳಿಗೆ 3,600 ರೂಪಾಯಿ ಹೋಗಿದೆ, ಕಂಪನಿಯ ಕಾಲಂನಲ್ಲಿ 2,350 ಮಾತ್ರ ಕಾಣುತ್ತಿದೆ. ಇಬ್ಬರೂ ಸಮನಾಗಿ ಹಾಕಬೇಕಲ್ಲವೇ?

ಸುಮಿತ್ರಾ ಅತ್ತೆ: ಸಮನಾಗಿಯೇ ಹಾಕಿದ್ದಾರೆ. ನಿನ್ನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 30,000 ಎಂದಾದರೆ ಶೇ 12 ಅಂದರೆ 3,600. ನಿನ್ನ ಪಾಲು ಪೂರ್ತಿಯಾಗಿ ಭವಿಷ್ಯ ನಿಧಿಗೇ ಹೋಗುತ್ತದೆ. ನೀನು ಪಿಂಚಣಿ ಯೋಜನೆಯ ಸದಸ್ಯನೂ ಆಗಿರುವುದರಿಂದ ಕಂಪನಿಯ 3,600ರಲ್ಲಿ ಮಾತ್ರ 1,250 ರೂಪಾಯಿ ಆ ಯೋಜನೆಗೆ ಹೋಗುತ್ತದೆ. ಪಿಂಚಣಿಗೆ ಸಲ್ಲುವ ಶೇ 8.33ನ್ನು 15,000 ರೂಪಾಯಿಯ ವೇತನ ಮಿತಿಯ ಮೇಲೆ ಲೆಕ್ಕ ಹಾಕುವುದರಿಂದ ಆ ಮೊತ್ತ ಬರುತ್ತದೆ. ಪಾಸ್‌ಬುಕ್‌ನ ಮೂರನೆಯ ಕಾಲಂ ನೋಡು, ಅದು ಅಲ್ಲೇ ಇದೆ. ಆ ಕಾಲಂಗೆ ಬಡ್ಡಿ ಸೇರುವುದಿಲ್ಲ, ಅದರಿಂದ ಸಿಗುವುದು ಪಿಂಚಣಿಯ ಹಕ್ಕು. ಹೀಗೆ ನಿನ್ನ ನಿಧಿಗೆ ತಿಂಗಳಿಗೆ 5,950 ಸೇರುತ್ತಿತ್ತು. ಸಂಬಳ ಎಷ್ಟೇ ಇದ್ದರೂ 15,000ದ ಮೇಲಷ್ಟೇ ವಂತಿಗೆ ಕಟ್ಟುವ ಕಂಪನಿಗಳೂ ಇವೆ. ನಿನ್ನ ಕಂಪನಿ ಹಾಗೆ ಮಾಡದಿರುವುದು ನಿನ್ನ ಪುಣ್ಯ.

ಶ್ರೀಧರ, ನೀನು ಹಂಚಿದ ಸಂದೇಶ ತಪ್ಪು. 55 ವರ್ಷದ ನಂತರ ನಿವೃತ್ತರಾಗಿ 36 ತಿಂಗಳಾದರೂ ಹಣ ಕೇಳದವರ ಖಾತೆಗೆ ಅನ್ವಯಿಸುವ ನಿಯಮವನ್ನು ಯಾರೋ ಎಲ್ಲರಿಗೂ ಅಂಟಿಸಿದ್ದಾರೆ. ನಡುವಯಸ್ಸಿನಲ್ಲಿ ಕೆಲಸ ಬಿಟ್ಟವರ ಖಾತೆಗೆ 58 ವರ್ಷ ತುಂಬುವವರೆಗೆ ಬಡ್ಡಿ ಸೇರುತ್ತಲೇ ಇರುತ್ತದೆ. ಉದ್ಯೋಗವಿಲ್ಲದ ಅವಧಿಯಲ್ಲಿ ಬರುವ ಬಡ್ಡಿಗೆ ತೆರಿಗೆ ಕಟ್ಟಬೇಕು, ಅಷ್ಟೇ ವ್ಯತ್ಯಾಸ.

ಶ್ರೀಧರ ಚಿಕ್ಕಪ್ಪ: ಸರಿ ಅಕ್ಕ, ಸಂದೇಶ ತಪ್ಪೆಂದೇ ಒಪ್ಪಿಕೊಳ್ಳೋಣ. ಆದರೆ ನಿಧಿಯ ಮಂಡಳಿಯೇ 2025ರ ಅಕ್ಟೋಬರ್‌ನಲ್ಲಿ ಕೆಲಸ ಬಿಟ್ಟವರು ಮುಕ್ಕಾಲು ಪಾಲನ್ನು ಕೂಡಲೇ ಪಡೆಯಬಹುದೆಂದು ತೀರ್ಮಾನಿಸಿತಲ್ಲ? ತೆಗೆಯುವುದು ಅಷ್ಟು ಕೆಟ್ಟದ್ದಾಗಿದ್ದರೆ ಹಾಗೇಕೆ ಮಾಡುತ್ತಿದ್ದರು?

ಸುಮಿತ್ರಾ ಅತ್ತೆ: ಅದೇ ತೀರ್ಮಾನದ ಇನ್ನರ್ಧವನ್ನು ನೀನು ಹೇಳಲಿಲ್ಲ. ಉಳಿದ ಕಾಲು ಪಾಲನ್ನು ಕನಿಷ್ಠ ಬಾಕಿಯಾಗಿ ಖಾತೆಯಲ್ಲೇ ಉಳಿಸಬೇಕು, ಪೂರ್ತಿ ಹಣ ಬೇಕೆಂದರೆ ಕಾಯಬೇಕಾದ ನಿರುದ್ಯೋಗದ ಅವಧಿಯನ್ನು 2 ತಿಂಗಳಿಂದ 12 ತಿಂಗಳಿಗೆ ಏರಿಸಬೇಕು ಎಂದೂ ಅದರಲ್ಲಿದೆ. ಜನ ಕೆಲಸ ಬದಲಿಸಿದಾಗಲೆಲ್ಲ ಖಾತೆ ಬರಿದು ಮಾಡಿ ನಿವೃತ್ತಿಯ ಹೊತ್ತಿಗೆ ಬರಿಗೈಯಾಗುತ್ತಾರೆ ಎಂಬುದೇ ಅದರ ಹಿಂದಿನ ಚಿಂತೆ. ಅನುಮತಿ ಇದೆ ಎಂದ ಮಾತ್ರಕ್ಕೆ ನಷ್ಟವಿಲ್ಲ ಎಂದಾಗುವುದಿಲ್ಲ.

ಅನಿರುದ್ಧ: ನಷ್ಟ ಎಂದರೆ ಎಷ್ಟು ಅತ್ತೆ? 3.35 ಲಕ್ಷ ಅಂಥ ದೊಡ್ಡ ಮೊತ್ತವೇನಲ್ಲ. ಹೊಸ ಕೆಲಸದಲ್ಲಿ ಮತ್ತೆ ಕೂಡಿಬರುತ್ತದೆ.

ಮೇಘನಾ: ಅಣ್ಣ, ಲೆಕ್ಕ ನಾನು ಹಾಕಿದೆ. ನೀನೂ ಕಂಪನಿಯೂ ಸೇರಿ ಕಟ್ಟಿದ್ದು 2,85,600 ರೂಪಾಯಿ. ಈಚಿನ ವರ್ಷಗಳ ದರವಾದ ಶೇ 8.25ನ್ನೇ ಹಿಡಿದರೆ 4 ವರ್ಷಗಳ ಬಡ್ಡಿ 50,000 ರೂಪಾಯಿಯ ಆಸುಪಾಸು. ಬಡ್ಡಿ ಇಷ್ಟೇನಾ ಎಂದು ನಿನಗೆ ಅನ್ನಿಸುವುದು ಸಹಜ, ಏಕೆಂದರೆ ಕೊನೆಯ ವರ್ಷ ಕಟ್ಟಿದ ಹಣಕ್ಕೆ ದುಡಿಯಲು ಇನ್ನೂ ಸಮಯವೇ ಸಿಕ್ಕಿಲ್ಲ. ಬಡ್ಡಿಯನ್ನು ತಿಂಗಳ ಬಾಕಿಯ ಮೇಲೆ ಲೆಕ್ಕ ಹಾಕಿ ಆರ್ಥಿಕ ವರ್ಷದ ಕೊನೆಗೆ ಸೇರಿಸುತ್ತಾರೆ, ಸೇರಿದ ಬಡ್ಡಿಗೆ ಮುಂದಿನ ವರ್ಷದಿಂದ ಬಡ್ಡಿ ಬರುತ್ತದೆ. ಈಗ ನಿನಗೆ 31. ಒಂದು ರೂಪಾಯಿಯನ್ನೂ ಹೊಸದಾಗಿ ಹಾಕದೆ ಇದೇ 3.35 ಲಕ್ಷವನ್ನು 58ರವರೆಗೆ ಬಿಟ್ಟರೆ ಅದು ಸುಮಾರು 28.5 ಲಕ್ಷವಾಗುತ್ತದೆ.

ಶ್ರೀಧರ ಚಿಕ್ಕಪ್ಪ: ಮೇಘನಾ, 27 ವರ್ಷ ಶೇ 8.25 ಸಿಗುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ? 2021–22ರಲ್ಲಿ 8.1ಕ್ಕೆ ಇಳಿದಿತ್ತು. ಅದಲ್ಲದೆ ಅಷ್ಟು ವರ್ಷಗಳ ನಂತರದ 28 ಲಕ್ಷಕ್ಕೆ ಇಂದಿನ ಬೆಲೆ ಎಲ್ಲಿರುತ್ತದೆ?

ಮೇಘನಾ: ಎರಡೂ ನ್ಯಾಯವಾದ ಪ್ರಶ್ನೆಗಳು ಅಪ್ಪ. ದರವನ್ನು ವರ್ಷವರ್ಷ ನಿಗದಿ ಮಾಡುತ್ತಾರೆ, ಆದ್ದರಿಂದ ಸರಾಸರಿ ಶೇ 7ಕ್ಕೆ ಇಳಿದರೆ ಮೊತ್ತ 20.8 ಲಕ್ಷವಾಗುತ್ತದೆ. ದರದಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ಕೊನೆಗೆ ಸುಮಾರು 8 ಲಕ್ಷವಾಗಿ ಬೆಳೆಯುವುದೂ ಚಕ್ರಬಡ್ಡಿಯ ಗುಣವೇ. ಬೆಲೆ ಏರಿಕೆಯನ್ನು ವರ್ಷಕ್ಕೆ ಶೇ 5 ಎಂದು ಹಿಡಿದರೆ 28.5 ಲಕ್ಷದ ಇಂದಿನ ಬೆಲೆ ಸುಮಾರು 7.6 ಲಕ್ಷ. 28ರ ಅಂಕಿಯನ್ನು ತೋರಿಸಿ ಯಾರನ್ನೂ ಮರುಳು ಮಾಡಬಾರದು ಎಂಬುದು ನಿಜ. ಆದರೂ ಕೊಳ್ಳುವ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ.

“ಮತ್ತೆ ಕೂಡಿಬರುತ್ತದೆ” ಎಂದೆಯಲ್ಲ ಅಣ್ಣ, ಹೊಸ ಕೆಲಸದ ವಂತಿಗೆ ಹೇಗೂ ಬರುವಂಥದ್ದು, ಅದು ಈ ಕಳೆದುಹೋದ ಹಣವನ್ನು ತುಂಬುವುದಿಲ್ಲ. ತುಂಬಬೇಕೆಂದರೆ ಅದರ ಮೇಲೆ ಸ್ವಯಂಪ್ರೇರಿತವಾಗಿ ತಿಂಗಳಿಗೆ ಸುಮಾರು 2,500 ರೂಪಾಯಿಯನ್ನು ಇಂದಿನಿಂದಲೇ 27 ವರ್ಷ ಕಟ್ಟಬೇಕು. 10 ವರ್ಷ ಬಿಟ್ಟು ಶುರು ಮಾಡಿದರೆ ಅದೇ ಮೊತ್ತಕ್ಕೆ ತಿಂಗಳಿಗೆ ಸುಮಾರು 6,600 ಬೇಕು.

ಸುಮಿತ್ರಾ ಅತ್ತೆ: ತೆರಿಗೆಯ ವಿಷಯ ಯಾರೂ ಎತ್ತಲಿಲ್ಲ. ನಿರಂತರ ಸೇವೆ 5 ವರ್ಷ ತುಂಬುವ ಮೊದಲು ತೆಗೆದರೆ ಕಂಪನಿಯ ಪಾಲು ಮತ್ತು ಅದರ ಬಡ್ಡಿ ಆ ವರ್ಷದ ಸಂಬಳದ ಆದಾಯದಂತೆ ತೆರಿಗೆಗೆ ಬರುತ್ತವೆ, ನಿನ್ನ ಪಾಲಿನ ಬಡ್ಡಿಗೂ ತೆರಿಗೆ ಉಂಟು. ಮೊತ್ತ 50,000 ದಾಟಿದ್ದರೆ ಪ್ಯಾನ್ ಕೊಟ್ಟಿದ್ದರೂ ಶೇ 10ನ್ನು ಮೂಲದಲ್ಲೇ ಹಿಡಿಯುತ್ತಾರೆ. ಅನಿರುದ್ಧನಿಗೆ ಆಗಿರುವುದು 4 ವರ್ಷ. ಹಣ ತೆಗೆಯದೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದರೆ ಈ 4 ವರ್ಷವೂ ಸೇವೆಯಲ್ಲಿ ಸೇರಿ, ಇನ್ನೊಂದು ವರ್ಷಕ್ಕೆ ಆ 5ರ ಗಡಿ ದಾಟುತ್ತದೆ. ಪಿಂಚಣಿಗೆ ಬೇಕಾದ 10 ವರ್ಷದ ಲೆಕ್ಕವೂ ಹಾಗೆಯೇ ಮುಂದುವರಿಯುತ್ತದೆ. ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ.

ಶ್ರೀಧರ ಚಿಕ್ಕಪ್ಪ: ಹಾಗಾದರೆ ಯಾವ ಕಾರಣಕ್ಕೂ ಮುಟ್ಟಬಾರದು ಎನ್ನುತ್ತೀಯಾ ಅಕ್ಕ? ಕಷ್ಟ ಬಂದಾಗ ಬಾರದ ದುಡ್ಡು ಯಾವ ಉಪಯೋಗಕ್ಕೆ?

ಸುಮಿತ್ರಾ ಅತ್ತೆ: ಹಾಗೆ ನಾನು ಹೇಳಿಲ್ಲ. ಚಿಕಿತ್ಸೆಯ ಖರ್ಚು ಬಂದರೆ ಕೆಲಸದಲ್ಲಿದ್ದಾಗಲೇ ಭಾಗಶಃ ಮುಂಗಡ ಪಡೆಯಬಹುದು. ಕ್ರೆಡಿಟ್ ಕಾರ್ಡಿನ ಬಾಕಿ ತಿಂಗಳಿಗೆ ಶೇ 3ರಂತೆ ಏರುತ್ತಿದ್ದರೆ, ವರ್ಷಕ್ಕೆ ಶೇ 8.25 ಗಳಿಸುವ ಹಣವನ್ನು ಹಾಗೇ ಇಟ್ಟುಕೊಂಡು ಆ ಬಡ್ಡಿ ಕಟ್ಟುವುದು ಜಾಣತನವೆಂದು ನನಗೆ ಅನ್ನಿಸುವುದಿಲ್ಲ. ಕಾರಿನ ಮುಂಗಡ ಆ ಸಾಲಿಗೆ ಸೇರುವುದಿಲ್ಲ. ಕಾರಿನ ಸಾಲದ ದರ ಶೇ 9 ಇದ್ದರೂ ಅದು 5 ವರ್ಷಕ್ಕೆ ಮುಗಿಯುವ ಲೆಕ್ಕ, ಇಲ್ಲಿ ನಿಂತುಹೋಗುವುದು 27 ವರ್ಷದ ಬೆಳವಣಿಗೆ.

ಅನಿರುದ್ಧ: ಮುಂಗಡದ ಮೊತ್ತವನ್ನೇ ಕಡಿಮೆ ಮಾಡಿ ಚಿಕ್ಕ ಕಾರು ನೋಡುತ್ತೇನೆ. ಚಿಕ್ಕಪ್ಪ, ಬೇಸರ ಮಾಡಿಕೊಳ್ಳಬೇಡಿ. ಆದರೆ ವರ್ಗಾವಣೆಗೆ ಅರ್ಜಿ ಹಾಕಲು ಹೋದರೆ ನನ್ನ ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನೇ ನಮೂದಿಸಿಲ್ಲ.

ಸುಮಿತ್ರಾ ಅತ್ತೆ: ಮೊದಲು ಆ ಕಂಪನಿಗೆ ಇಮೇಲ್ ಬರೆದು ಕೇಳು. ಅವರು ಮಾಡದಿದ್ದರೆ ಕೊನೆಯ ವಂತಿಗೆ ಬಂದು 2 ತಿಂಗಳಾದ ಮೇಲೆ ಸದಸ್ಯರ ಪೋರ್ಟಲ್‌ನಲ್ಲಿ ನೀನೇ ದಿನಾಂಕ ನಮೂದಿಸಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಹೊಸ ಕಂಪನಿಗೆ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡು, ಇನ್ನೊಂದನ್ನು ತೆರೆಯಲು ಬಿಡಬೇಡ. ವರ್ಗಾವಣೆಯಾದ ಮೇಲೆ ಹಳೆಯ ಪಾಸ್‌ಬುಕ್‌ನ ಎರಡೂ ಪಾಲು ಹೊಸದರಲ್ಲಿ ಪೂರ್ತಿ ಬಂದಿವೆಯೇ ಎಂದು ನೋಡಿ ಇಲ್ಲಿ ಹಾಕು.

ಶ್ರೀಧರ ಚಿಕ್ಕಪ್ಪ: ಆ ಸಂದೇಶವನ್ನು ಅಳಿಸಿದ್ದೇನೆ. ದರದ ವಿಷಯದಲ್ಲಿ ನನ್ನ ಅನುಮಾನ ಮಾತ್ರ ಹಾಗೇ ಇದೆ.